ಪರ್‌ಸಲ್ಫೇಟ್–ಅಯೊಡೈಡ್: ಇಳಿಜಾರು 2 ಬರಬೇಕು, 0.55 ಬರುತ್ತಿದೆ

ಬಸವನಗುಡಿ_ಬ್ಯುರೆಟ್: ಮಿಶ್ರಣದಲ್ಲಿ ಪೊಟ್ಯಾಸಿಯಂ ಅಯೊಡೈಡ್ 0.05, ಪೊಟ್ಯಾಸಿಯಂ ಪರ್‌ಸಲ್ಫೇಟ್ 0.01, ಸೋಡಿಯಂ ಥಯೋಸಲ್ಫೇಟ್ 0.0005 ಮೋಲಾರ್ ಇವೆ, ಜೊತೆಗೆ ಪಿಷ್ಟ. ಉಪ್ಪು ಸೇರಿಸದಿದ್ದಾಗ 134 ಸೆಕೆಂಡಿಗೆ ನೀಲಿ ಮೂಡಿತು. ಪೊಟ್ಯಾಸಿಯಂ ನೈಟ್ರೇಟ್ 0.05, 0.1, 0.2 ಮೋಲಾರ್ ಇದ್ದಾಗ 109, 95, 76 ಸೆಕೆಂಡು. ವೇಗವೇನೋ ಹೆಚ್ಚಿದೆ. ಆದರೆ ನೈಟ್ರೇಟಿನ ವರ್ಗಮೂಲದ ಎದುರು ವೇಗ ಸ್ಥಿರಾಂಕದ log k ಗುರುತಿಸಿದರೆ ಗೆರೆ ಮೇಲಕ್ಕೆ ಬಾಗುತ್ತದೆ, ತುದಿಯಿಂದ ತುದಿಗೆ ಇಳಿಜಾರು 0.55. ಆವೇಶಗಳು −2 ಮತ್ತು −1, ಗುಣಲಬ್ಧ 2; ಸೂತ್ರದ ಪ್ರಕಾರ ಇಳಿಜಾರೂ ಸುಮಾರು ಅಷ್ಟೇ ಬರಬೇಕು. ಎಲ್ಲಿ ತಪ್ಪಿದೆ?

ಕಾವೇರಿ_ನಲ್ಲಿ: ಬೋರ್‌ವೆಲ್ ನೀರು ಬಳಸಿದಿರಾ? ನಮ್ಮ ಕಡೆ ಅದರಲ್ಲಿ ಉಪ್ಪು ಮೊದಲೇ ಇರುತ್ತದೆ. ಅದೇ ಕಾರಣ.

ಬಸವನಗುಡಿ_ಬ್ಯುರೆಟ್: ಇಲ್ಲ, ಬಟ್ಟಿ ಇಳಿಸಿದ ನೀರು.

ಹಳೆಯ_ಬೀಕರ್: ಕಾವೇರಿಯವರ ಅನುಮಾನದ ದಿಕ್ಕು ಸರಿ, ಉಪ್ಪು ಮೊದಲೇ ಇದೆ. ಆದರೆ ಅದು ನೀರಿನಲ್ಲಲ್ಲ, ನಿಮ್ಮ ಪ್ರತಿವರ್ತಕಗಳಲ್ಲಿ. ಅಯೊಡೈಡ್‌ನಿಂದ 0.05, ಪರ್‌ಸಲ್ಫೇಟ್‌ನ ಆವೇಶದ ವರ್ಗವನ್ನು ಲೆಕ್ಕಕ್ಕೆ ಹಿಡಿಯುವುದರಿಂದ 0.01ಕ್ಕೆ 0.03; ಥಯೋಸಲ್ಫೇಟ್‌ನಿಂದ 0.0015. ಒಟ್ಟು 0.0815. ನೀವು ಸೊನ್ನೆ ಎಂದುಕೊಂಡ ಬಿಂದುವಿನ ಅಯಾನಿಕ ಬಲ ಸೊನ್ನೆಯಲ್ಲ, ಕೊನೆಯದರದು 0.2815.

ಇದನ್ನು ಸರಿಪಡಿಸಿದರೂ ಇಳಿಜಾರು ಸುಮಾರು 1ಕ್ಕೆ ನಿಲ್ಲುತ್ತದೆ. ಬರಿಯ ವರ್ಗಮೂಲದ ಸೂತ್ರ 0.01ರ ಆಸುಪಾಸಿನವರೆಗೆ ಮಾತ್ರ ನಂಬಿಕೆಗೆ ಅರ್ಹ. ಅಯಾನಿಕ ಬಲವನ್ನು I ಎಂದುಕೊಂಡು ಹೀಗೆ ಗುರುತಿಸಿ ನೋಡಿ:

```
x = √I / (1 + √I)
y = log k
```

ನೇರಳೆ_ಬಣ್ಣ: ನನ್ನದು ತದ್ವಿರುದ್ಧ! ಕ್ರಿಸ್ಟಲ್ ವೈಲೆಟ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ, ಉಪ್ಪು ಹೆಚ್ಚಿದಷ್ಟೂ ಬಣ್ಣ ನಿಧಾನವಾಗಿ ಮಾಯವಾಗುತ್ತದೆ. ನನ್ನ ಉಪ್ಪು ಕಲಬೆರಕೆಯೇ?

ಹಳೆಯ_ಬೀಕರ್: ಉಪ್ಪು ಚೆನ್ನಾಗಿಯೇ ಇದೆ. ನಿಮ್ಮ ಬಣ್ಣದ ಅಯಾನು ಧನ, ಹೈಡ್ರಾಕ್ಸೈಡ್ ಋಣ. ಇವೆರಡು ಕೂಡಿದ ಕ್ಷಣದಲ್ಲಿ ಆವೇಶ ಅಳಿಯುತ್ತದೆ. ಸುತ್ತ ನೆರೆದ ವಿರುದ್ಧ ಅಯಾನುಗಳು ಬಿಡಿಬಿಡಿಯಾಗಿರುವಾಗಲೇ ಅವಕ್ಕೆ ಹೆಚ್ಚು ಆಸರೆ ಕೊಡುತ್ತವೆ, ಕೂಡುವುದು ದುಬಾರಿಯಾಗುತ್ತದೆ. ಬಸವನಗುಡಿಯವರಲ್ಲಿ ಕೂಡಿದಾಗ −3. ಆಸರೆ ಅಲ್ಲೇ ಹೆಚ್ಚು, ಆದ್ದರಿಂದ ವೇಗ. ನಿಮ್ಮ ಇಳಿಜಾರು −1ರ ಹತ್ತಿರ ಬರಬೇಕು.

ಬಸವನಗುಡಿ_ಬ್ಯುರೆಟ್: ಮತ್ತೆ ಲೆಕ್ಕ ಹಾಕಿದೆ, ತುದಿಯಿಂದ ತುದಿಗೆ 1.98! ಆದರೆ ಪೊಟ್ಯಾಸಿಯಂ ಬದಲು 0.2 ಮೋಲಾರ್ ಸೋಡಿಯಂ ನೈಟ್ರೇಟ್ ಹಾಕಿದಾಗ 76 ಅಲ್ಲ, 84 ಸೆಕೆಂಡು. ಅಯಾನಿಕ ಬಲ ಒಂದೇ ಅಲ್ಲವೇ?

ಕಾವೇರಿ_ನಲ್ಲಿ: ಕೋಣೆ ತಣ್ಣಗಾಗಿರಬೇಕು.

ಹಳೆಯ_ಬೀಕರ್: ನೀರಿನ ತೊಟ್ಟಿಯಲ್ಲಿಟ್ಟು ಒಂದೇ ಉಷ್ಣಾಂಶದಲ್ಲಿ ಇನ್ನೊಮ್ಮೆ ಅಳೆಯಿರಿ. ಆದರೂ ವ್ಯತ್ಯಾಸ ಉಳಿದೀತು. ಎರಡು ಋಣ ಅಯಾನುಗಳನ್ನು ಹತ್ತಿರ ತರುವಲ್ಲಿ ಪೊಟ್ಯಾಸಿಯಂ ಸೋಡಿಯಂಗಿಂತ ಮುಂದು. ಈ ಸೂತ್ರಕ್ಕೆ ಆವೇಶ ಮಾತ್ರ ಕಾಣುತ್ತದೆ, ಯಾವ ಅಯಾನು ಎಂಬುದು ಕಾಣುವುದಿಲ್ಲ. ಹಾಗಾಗಿ ಆ 1.98ರಲ್ಲಿ ಎಷ್ಟು ಪಾಲು ಸೂತ್ರದ್ದು, ಎಷ್ಟು ಪೊಟ್ಯಾಸಿಯಂನದು ಎಂದು ನಿಮ್ಮ ನಾಲ್ಕು ಬಿಂದುಗಳಿಂದ ಹೇಳಲಾಗದು. ಲಿಥಿಯಂ ನೈಟ್ರೇಟ್ ಸಿಕ್ಕರೆ ಅದನ್ನೂ ಅಳೆದು ಇಲ್ಲೇ ಹಾಕಿ.