ಬೇರೆ ಬೇರೆ ಸರಕುಗಳ ಫೋರ್ಕಾಸ್ಟ್ ಹೋಲಿಸಲು ಮೇಸ್: ಬಳಸಿದವರ ಅನುಭವ

ಕೇಳಿದವರು: ನನ್ನ ಕೈಲಿ 40 ಸರಕುಗಳ ವಾರದ ಫೋರ್ಕಾಸ್ಟ್ ಇದೆ. ಕೆಲವು ವಾರಕ್ಕೆ 400ರ ಮೇಲೆ ಹೋಗುತ್ತವೆ, ಕೆಲವು ಎರಡೋ ಮೂರೋ. ಶೇಕಡಾವಾರು ತಪ್ಪು, ಅಂದ್ರೆ ಮೇಪ್, ಹಾಕಿದರೆ ಸೊನ್ನೆ ಮಾರಾಟದ ವಾರದಲ್ಲಿ ಲೆಕ್ಕವೇ ಕೆಟ್ಟುಹೋಗುತ್ತದೆ. ಮೀನ್ ಆಬ್ಸೊಲ್ಯೂಟ್ ಸ್ಕೇಲ್ಡ್ ಎರರ್, ಅದೇ ಮೇಸ್, ಬಳಸಿ ಅಂತಾರೆ. ಬಳಸಿದವರು ಹೇಳಿ, ಅದು ಎಲ್ಲಿ ಕೈಕೊಡುತ್ತದೆ?

ಡಿಮ್ಯಾಂಡ್ ಪ್ಲಾನರ್: ನಾನು ಕೆಲವು ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ. ಇದರ ಜೀವ ಇರುವುದು ಛೇದದಲ್ಲಿ. ಮೇಪ್ ತಪ್ಪನ್ನು ಮಾರಾಟದಿಂದ ಭಾಗಿಸುತ್ತದೆ. ಮೇಸ್ ಹಾಗಲ್ಲ, ಆ ಸರಕು ಹಿಂದೆ ವಾರದಿಂದ ವಾರಕ್ಕೆ ಎಷ್ಟು ಏರಿಳಿಯುತ್ತಿತ್ತೋ ಅದರಿಂದ ಭಾಗಿಸುತ್ತದೆ. ರಾಬ್ ಹಿಂಡ್‌ಮನ್ ಮತ್ತು ಆನ್ ಕೋಲರ್ 2006ರಲ್ಲಿ ಇದನ್ನು ಮುಂದಿಟ್ಟಿದ್ದೇ ನೀವು ಹೇಳಿದ ಸೊನ್ನೆಯ ಕಾಟದಂಥವನ್ನು ತಪ್ಪಿಸಲು.

ಕೈಯಲ್ಲೇ ಮಾಡಿ ನೋಡೋಣ. ದೊಡ್ಡ ಸರಕಿನ ಹಳೆಯ ಆರು ವಾರ: 420, 460, 430, 470, 440, 480. ಪಕ್ಕಪಕ್ಕದ ವಾರಗಳ ವ್ಯತ್ಯಾಸ 40, 30, 40, 30, 40. ಸರಾಸರಿ 36. ಮುಂದಿನ ಮೂರು ವಾರದಲ್ಲಿ ನಿಮ್ಮ ಫೋರ್ಕಾಸ್ಟ್ 18, 27, 27 ತಪ್ಪಿತು ಅಂದುಕೊಳ್ಳಿ. ಸರಾಸರಿ 24. 24 ಭಾಗಿಸು 36, ಸುಮಾರು 0.67.

ಈಗ ಚಿಕ್ಕದು: 3, 0, 2, 5, 1, 3. ವ್ಯತ್ಯಾಸಗಳ ಸರಾಸರಿ 2.8. ಮೂರೂ ವಾರಕ್ಕೆ 2 ಅಂತ ಹೇಳಿದಿರಿ, ಹೋಗಿದ್ದು 0, 6, 1. ತಪ್ಪಿನ ಸರಾಸರಿ 2.33, ಮೇಸ್ 0.83. ನಡುವೆ ಸೊನ್ನೆ ಬಂದರೂ ಏನೂ ಮುರಿಯಲಿಲ್ಲ ನೋಡಿ. ಹಳೆಯ ಎಲ್ಲಾ ವಾರಗಳೂ ಒಂದೇ ಅಂಕಿ ಆಗಿದ್ದರೆ ಮಾತ್ರ ಛೇದ ಸೊನ್ನೆಯಾಗುತ್ತದೆ.

```
d = np.mean(np.abs(np.diff(train)))
mase = np.mean(np.abs(test - fc)) / d
```

`d` ಯಾವಾಗಲೂ `train`ನಿಂದಲೇ ಬರಬೇಕು, `test` ಮುಟ್ಟಬಾರದು.

ಹೊಸದಾಗಿ ಕಲಿಯುತ್ತಿರುವವರು: ನಾನು ಇದನ್ನು ಇನ್ನೂ ಸುಲಭ ಮಾಡಿಕೊಂಡಿದ್ದೇನೆ. ಹೋದ ವಾರದ ಅಂಕಿಯನ್ನೇ ಈ ವಾರಕ್ಕೆ ಇಡುವುದು ನೈವ್ ವಿಧಾನ ಅಲ್ವಾ? ಮೇಸ್ 1ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಮಾಡೆಲ್ ನೈವ್‌ಗಿಂತ ಮೇಲು. 1 ದಾಟಿದರೆ ಆ ಮಾಡೆಲ್ ಬಿಟ್ಟುಬಿಡಿ. ಅಷ್ಟೇ.

ಡಿಮ್ಯಾಂಡ್ ಪ್ಲಾನರ್: ಒಂದೇ ವಾರ ಮುಂದಕ್ಕೆ ಹೇಳುವಾಗ ನಿಮ್ಮ ಮಾತು ಹೆಚ್ಚೂಕಡಿಮೆ ಸರಿ. ಆದರೆ ಛೇದದಲ್ಲಿರುವುದು ಹಳೆಯ ದಿನಗಳಲ್ಲಿ, ಒಂದು ವಾರದ ದೂರಕ್ಕೆ ನೈವ್ ಮಾಡಿದ ತಪ್ಪು. ನೀವು 12 ವಾರ ಮುಂದಕ್ಕೆ ಹೇಳುತ್ತಿದ್ದರೆ ದೂರ ಹೋದಷ್ಟೂ ತಪ್ಪು ಜಾಸ್ತಿಯಾಗುತ್ತದೆ. ಛೇದ ಮಾತ್ರ ಇದ್ದಲ್ಲೇ ಇರುತ್ತದೆ. ನನಗೊಮ್ಮೆ ಒಂದು ಸರಕಿಗೆ 1.4 ಬಂತು. ಮಾಡೆಲ್ ಎಸೆಯಲು ಹೊರಟಿದ್ದೆ. ಅದೇ 12 ವಾರಕ್ಕೆ ಕೊನೆಯ ಅಂಕಿಯನ್ನೇ ಇಟ್ಟು ನೈವ್‌ನ ಮೇಸ್ ಹಾಕಿದೆ, 1.9 ಬಂತು. ಆ ವಾರಗಳೇ ಕಷ್ಟದವು, ನನ್ನ ಮಾಡೆಲ್ ಅಷ್ಟರಲ್ಲೂ ಚೆನ್ನಾಗಿಯೇ ಮಾಡಿತ್ತು. ಅಂದಿನಿಂದ ಪ್ರತಿ ಸರಕಿಗೂ ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆಯುತ್ತೇನೆ. 1 ಎಂಬ ಗೆರೆ ನೋಡಿ ತೀರ್ಮಾನ ಮಾಡುವುದನ್ನು ಬಿಟ್ಟಿದ್ದೇನೆ.

ಗೋದಾಮಿನ ಲೆಕ್ಕ ನೋಡುವವರು: ನಮ್ಮಲ್ಲಿ ಕೆಲವು ಕೆಜಿಯಲ್ಲಿ, ಕೆಲವು ಡಬ್ಬದಲ್ಲಿ. ಹೋಲಿಸಬೇಕು ಅಂದ್ರೆ ಮೊದಲು ಎಲ್ಲವನ್ನೂ ಕೆಜಿಗೆ ತರಬೇಕು. ನಾನು ಆ ಕೆಲಸದಲ್ಲೇ ಇದ್ದೇನೆ. ಒಂದು ಸರಕಿಗಂತೂ 0.10 ಬಂದಿದೆ, ಬಹಳ ಖುಷಿಯಾಯಿತು.

ಡಿಮ್ಯಾಂಡ್ ಪ್ಲಾನರ್: ಕೆಜಿಗೆ ತರುವ ಕೆಲಸ ನಿಲ್ಲಿಸಿ ಸಾರ್, ಅದು ಬೇಡ. ಒಂದು ಸರಕಿನ ಎಲ್ಲಾ ಅಂಕಿಗಳನ್ನೂ 12ರಿಂದ ಗುಣಿಸಿದರೆ ಮೇಲೂ 12, ಕೆಳಗೂ 12, ಮೇಸ್ ಅಲ್ಲಾಡುವುದಿಲ್ಲ. ಆದರೆ ಆ 0.10 ನೋಡಿ ನನಗೆ ಖುಷಿಯಾಗಲಿಲ್ಲ. ಅಷ್ಟು ಕಡಿಮೆ ಬರುವುದು ಬಹಳ ಅಪರೂಪ. ಆ ಸರಕಿನ ಹಳೆಯ ಅಂಕಿಗಳನ್ನು ಒಮ್ಮೆ ಇಲ್ಲಿ ಹಾಕುತ್ತೀರಾ?

ಗೋದಾಮಿನ ಲೆಕ್ಕ ನೋಡುವವರು: 240, 250, 245, 20, 21, 20. ನಾಲ್ಕನೇ ವಾರದಿಂದ ಬಿಡಿ ಲೆಕ್ಕ ಬಿಟ್ಟು ಡಬ್ಬದ ಲೆಕ್ಕ ಶುರು ಮಾಡಿದೆವು. ಈಗ ತಪ್ಪು ವಾರಕ್ಕೆ ಸುಮಾರು 5 ಡಬ್ಬ.

ಡಿಮ್ಯಾಂಡ್ ಪ್ಲಾನರ್: ಸಿಕ್ಕಿತು. 245ರಿಂದ 20ಕ್ಕೆ ಇಳಿದಿದ್ದು 225. ಅದು ಮಾರಾಟದ ಏರಿಳಿತವಲ್ಲ, ಅಳತೆ ಬದಲಾದದ್ದು. ಆ ಒಂದು ಜಿಗಿತದಿಂದ ಛೇದ 48.4 ಆಗಿದೆ. 5 ಭಾಗಿಸು 48.4, ಅದೇ ನಿಮ್ಮ 0.10. ಡಬ್ಬದ ವಾರಗಳನ್ನು ಮಾತ್ರ ತೆಗೆದುಕೊಂಡರೆ ಛೇದ 1, ಮೇಸ್ 5. ಮೂರೇ ವಾರದ ಮೇಲೆ ನಿಂತ ಅಂಕಿ, ಪೂರ್ತಿ ನಂಬಬೇಡಿ. ಆದರೂ ವಾರಕ್ಕೆ 20 ಡಬ್ಬ ಹೋಗುವ ಕಡೆ 5 ತಪ್ಪುವುದು ಚಿಕ್ಕದಲ್ಲ. ಹಳೆಯ ಬಿಡಿಗಳನ್ನು ಡಬ್ಬಕ್ಕೆ ತಂದು ಮತ್ತೆ ಲೆಕ್ಕ ಹಾಕಿ. ಸರಕುಗಳ ನಡುವೆ ಅಳತೆ ಬೇರೆ ಇರಬಹುದು, ಒಂದೇ ಸರಕಿನೊಳಗೆ ಬದಲಾಗಬಾರದು.

ಬಿಡಿಭಾಗಗಳ ದಾಸ್ತಾನು ನೋಡುವವರು: ನನ್ನ ಅನುಭವ ಬೇರೆ. ನನ್ನ ಸರಕುಗಳು ವಾರಗಟ್ಟಲೆ ಹೋಗುವುದೇ ಇಲ್ಲ. ಹತ್ತು ವಾರ ಹೀಗಿರುತ್ತದೆ: 0, 0, 0, 4, 0, 0, 0, 6, 0, 0. ಪ್ರತಿ ವಾರಕ್ಕೂ 1 ಅಂತ ಹೇಳಿದರೆ ತಪ್ಪಿನ ಸರಾಸರಿ 1.6. ಸುಮ್ನೆ ಸೊನ್ನೆ ಅಂತ ಹೇಳಿದರೆ 1.0. ಛೇದ ಎರಡಕ್ಕೂ ಒಂದೇ, ಹಾಗಾಗಿ ಮೇಸ್ ಲೆಕ್ಕದಲ್ಲಿ ಸೊನ್ನೆಯೇ ಗೆಲ್ಲುತ್ತದೆ. ಅದನ್ನು ನಂಬಿದರೆ ನಾನು ಏನೂ ತರಿಸುವುದಿಲ್ಲ, ಬೇಕಾದ ದಿನ ಕಪಾಟು ಖಾಲಿ. ಇದು ನಮಗೆ ಆಗಿದೆ. ಮೂರು ತಿಂಗಳು ಅಂಕಿಗಳು ಚೆನ್ನಾಗಿದ್ದವು, ದಾಸ್ತಾನು ಇರಲಿಲ್ಲ.

ಇದು ಮೇಸ್‌ನೊಬ್ಬನ ತಪ್ಪಲ್ಲ. ತಪ್ಪನ್ನು ಹಾಗೇ ಕೂಡಿಸುವ ಯಾವ ಅಳತೆಯೂ ನಡುವಿನ ಅಂಕಿಯ ಕಡೆಗೇ ಎಳೆಯುತ್ತದೆ. ಅರ್ಧಕ್ಕಿಂತ ಜಾಸ್ತಿ ವಾರ ಸೊನ್ನೆ ಇದ್ದರೆ ನಡುವಿನದೂ ಸೊನ್ನೆಯೇ. ನಾನೀಗ ವರ್ಗ ಮಾಡಿ ಕೂಡಿಸುವ ಆರ್‌ಎಂಎಸ್‌ಎಸ್‌ಇ ಬಳಸುತ್ತೇನೆ. ವರ್ಗಗಳ ಸರಾಸರಿ ಸೊನ್ನೆಗೆ 5.2, 1ಕ್ಕೆ 4.2 ಬರುತ್ತದೆ. ಅದನ್ನು ಛೇದದಿಂದ ಭಾಗಿಸಿ ವರ್ಗಮೂಲ ತೆಗೆದರೂ ಕ್ರಮ ಬದಲಾಗುವುದಿಲ್ಲ, 1 ಅಂತ ಹೇಳಿದ್ದೇ ಗೆಲ್ಲುತ್ತದೆ. 2020ರ ಎಂ5 ಫೋರ್ಕಾಸ್ಟ್ ಸ್ಪರ್ಧೆಯಲ್ಲಿ ವಾಲ್‌ಮಾರ್ಟ್ ಮಾರಾಟಕ್ಕೂ ಇದೇ ಅಳತೆ ಬಳಸಿದ್ದರು. ಅಲ್ಲೂ ಸೊನ್ನೆಗಳು ತುಂಬಾ ಇದ್ದವು.

ಕೇಳಿದವರು: ಇದು ನನಗೆ ಹೊಳೆದೇ ಇರಲಿಲ್ಲ. ನನ್ನ 40ರಲ್ಲಿ ಆರು ಹೀಗಿವೆ, ಅವನ್ನು ಬೇರೆ ಇಡುತ್ತೇನೆ. ಇನ್ನೊಂದು ವಿಚಿತ್ರ. ಒಂದು ಸರಕಿನ ಹಳೆಯದು 50, 50, 50, 50, 50, 52. ಸರಾಸರಿ ಬರೀ 4 ತಪ್ಪಿದರೂ ಮೇಸ್ 10 ಬಂದಿದೆ. ಉಳಿದವುಗಳೆಲ್ಲ 0.8ರ ಆಸುಪಾಸು. ಒಟ್ಟು ಸರಾಸರಿ ಇದೊಂದರಿಂದಲೇ 1 ದಾಟಿಬಿಟ್ಟಿತು.

ಹೊಸದಾಗಿ ಕಲಿಯುತ್ತಿರುವವರು: ಸರಾಸರಿ ಬೇಡ, ಮಧ್ಯದ ಅಂಕಿ ಹೇಳಿ. ಮುಗೀತು.

ಡಿಮ್ಯಾಂಡ್ ಪ್ಲಾನರ್: ಛೇದ 0.4 ಆಗಿರುವುದೇ ಕಾರಣ. ಮಧ್ಯದ ಅಂಕಿ ಇದನ್ನು ಮುಚ್ಚುತ್ತದೆ ನಿಜ. ಆದರೆ ನಿಜವಾಗಿ ಕೆಟ್ಟ ಫೋರ್ಕಾಸ್ಟ್‌ಗಳನ್ನೂ ಮುಚ್ಚುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ನಾನು ಪ್ರತಿ ಸರಕಿಗೂ ಮಾಡೆಲ್‌ನ ಮೇಸ್ ಅನ್ನು ನೈವ್‌ನ ಮೇಸ್‌ನಿಂದ ಭಾಗಿಸುತ್ತೇನೆ, ಛೇದ ಹೊಡೆದುಹೋಗುತ್ತದೆ. ಉಳಿದ ಅನುಪಾತಗಳಿಗೆ ಗುಣೋತ್ತರ ಸರಾಸರಿ ತೆಗೆಯುತ್ತೇನೆ.

ಬಿಡಿಭಾಗಗಳ ದಾಸ್ತಾನು ನೋಡುವವರು: ಅದರಲ್ಲೂ ಒಂದು ಕೊರತೆ. ನೈವ್ ಆ ವಾರಗಳಲ್ಲಿ ಸೊನ್ನೆ ತಪ್ಪು ಮಾಡಿದ್ದರೆ ಮತ್ತೆ ಅದೇ ಗೋಳು. ನನಗೆ ಮಾರಾಟದ ಹಣದಷ್ಟು ತೂಕ ಕೊಡುವುದೇ ಸರಿ ಅನ್ನಿಸುತ್ತದೆ.

ಡಿಮ್ಯಾಂಡ್ ಪ್ಲಾನರ್: ತೂಕ ಕೊಟ್ಟರೆ ಚಿಕ್ಕ ಸರಕುಗಳು ಕಣ್ಣಿಗೇ ಬೀಳುವುದಿಲ್ಲ. ಯಾರಿಗಾಗಿ ಅಳೆಯುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಕೇಳಿದವರು: ಎರಡನ್ನೂ ಹಾಕಿ ನೋಡುತ್ತೇನೆ. ಉಳಿದದ್ದು ಮೂರು ಹೊಸ ಸರಕುಗಳು, ಹಿಂದಿನದು ನಾಲ್ಕೇ ವಾರ. ಮೂರು ವ್ಯತ್ಯಾಸಗಳಿಂದ ಬಂದ ಛೇದವನ್ನು ನಂಬಬಹುದಾ? ಯಾರಾದರೂ ಇಂಥದ್ದಕ್ಕೆ ಅದೇ ಜಾತಿಯ ಹಳೆಯ ಸರಕಿನ ಛೇದ ಎರವಲು ತಂದು ನೋಡಿದ್ದೀರಾ?