ಸ್ಲಾಟ್ ಹಾಕಿದರೂ ನನ್ನ ಅಲೋಹಾ ಯಾಕೆ ಎರಡು ಪಟ್ಟು ಆಗಲಿಲ್ಲ?

ಕಿರಣ್ (ಪ್ರಶ್ನೆ): ಹಲವು ರೇಡಿಯೊ ನೋಡ್‌ಗಳು ಒಂದೇ ಚಾನೆಲ್ ಹಂಚಿಕೊಂಡು, ಯಾರನ್ನೂ ಕೇಳದೆ ಪ್ಯಾಕೆಟ್ ಕಳಿಸುವ ವಿಧಾನ ಅಲೋಹಾ. ಅದರ ಥ್ರೂಪುಟ್, ಅಂದರೆ ಡಿಕ್ಕಿಯಾಗದೆ ತಲುಪುವ ಪ್ಯಾಕೆಟ್‌ಗಳಿಗೆ ಸಿಗುವ ಚಾನೆಲ್ ಸಮಯ, ಪ್ಯೂರ್ ಅಲೋಹಾದಲ್ಲಿ ಹೆಚ್ಚೆಂದರೆ 18.4%, ಸ್ಲಾಟೆಡ್‌ನಲ್ಲಿ 36.8% ಅಂತ ಕ್ಲಾಸಲ್ಲಿ ಹೇಳಿದ್ದರು. ನಾನು ಸಿಮ್ಯುಲೇಶನ್ ಬರೆದೆ. ಪ್ಯಾಕೆಟ್ 100 ಮಿಲಿಸೆಕೆಂಡ್, ಎಲ್ಲ ನೋಡ್ ಸೇರಿ ಸೆಕೆಂಡಿಗೆ ಸರಾಸರಿ 1 ಪ್ಯಾಕೆಟ್. ಸ್ಲಾಟ್ ಹಾಕಿದ ಮೇಲೆ ಹತ್ತು ಪರ್ಸೆಂಟ್ ಮಾತ್ರ ಜಾಸ್ತಿ ಬಂತು. ಕೋಡ್ ತಪ್ಪಿದೆಯಾ?

ಮಹೇಶ್: ಕೋಡ್ ನೋಡಿಕೊಳ್ಳಿ. ಸ್ಲಾಟ್ ಇದ್ದರೆ ಅರೆಬರೆ ಡಿಕ್ಕಿ ಇರಲ್ಲ. ಹೊಡೆದರೆ ಪೂರ್ತಿ, ಇಲ್ಲಾಂದ್ರೆ ಇಲ್ಲವೇ ಇಲ್ಲ. ಹಾಗಾಗಿ ಡಿಕ್ಕಿ ಅರ್ಧ ಆಗುತ್ತೆ, ಥ್ರೂಪುಟ್ ಡಬಲ್. ಇಷ್ಟೇ.

ವಿನುತಾ (ರೇಡಿಯೊ ಪ್ರೋಟೊಕಾಲ್ ಇಂಜಿನಿಯರ್): ಕಿರಣ್, ಕೋಡ್ ಸರಿಯಾಗೇ ಇದೆ ಅನಿಸುತ್ತೆ. ನಿಮ್ಮ ಲೋಡ್‌ಗೆ ಸಿಗಬೇಕಾದದ್ದೇ 1.105 ಪಟ್ಟು. ಮಹೇಶ್ ಅವರ ಮೊದಲರ್ಧ ಸರಿ, ಕೊನೆಯ ಮಾತು ಸರಿಯಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಒಂದು ಪ್ಯಾಕೆಟ್ 140ನೇ ಮಿಲಿಸೆಕೆಂಡಿಗೆ ತಯಾರಾಯಿತು ಅಂದುಕೊಳ್ಳಿ. ಪ್ಯೂರ್‌ನಲ್ಲಿ ಅದು ತಕ್ಷಣ ಹೊರಡುತ್ತೆ, 240ಕ್ಕೆ ಮುಗಿಯುತ್ತೆ. 60ಕ್ಕೆ ಹೊರಟವನು 160ರ ತನಕ ಗಾಳಿಯಲ್ಲಿ ಇರುತ್ತಾನೆ, ನಿಮ್ಮ ತಲೆಗೆ ಹೊಡೆಯುತ್ತಾನೆ. 210ಕ್ಕೆ ಹೊರಟವನು ಬಾಲಕ್ಕೆ ಹೊಡೆಯುತ್ತಾನೆ. ಅಂದರೆ 40ರಿಂದ 240ರ ತನಕ, ಒಟ್ಟು 200 ಮಿಲಿಸೆಕೆಂಡ್ ಬೇರೆ ಯಾರೂ ಶುರು ಮಾಡಬಾರದು.

ಈಗ ಪ್ರತಿ 100ಕ್ಕೊಂದು ಗೆರೆ ಹಾಕಿ, ಗೆರೆಯ ಮೇಲೆ ಮಾತ್ರ ಹೊರಡಬಹುದು ಅನ್ನಿ. ನೀವು 200ರ ತನಕ ಕಾಯುತ್ತೀರಿ. 60ರವನು 100ಕ್ಕೆ ಹೊರಟು 200ಕ್ಕೆ ಮುಗಿಸುತ್ತಾನೆ, ನಿಮ್ಮ ತಂಟೆಗೆ ಬರಲ್ಲ. 210ರವನು 300ಕ್ಕೆ ಹೋಗುತ್ತಾನೆ. 190ಕ್ಕೆ ತಯಾರಾದವನು ಮಾತ್ರ ನಿಮ್ಮ ಜೊತೆಗೇ ಹೊರಟು ಇಬ್ಬರದ್ದೂ ಹಾಳು. 100ರಿಂದ 200ರ ಒಳಗೆ ತಯಾರಾದವರೇ ನಿಮಗೆ ಅಪಾಯ. ಕಿಟಕಿ 200ರಿಂದ 100ಕ್ಕೆ ಇಳಿಯಿತು.

ಆ ಕಿಟಕಿಯಲ್ಲಿ ಬೇರೆ ಯಾರೂ ಇಲ್ಲದಿರುವ ಸಾಧ್ಯತೆಯೇ ನಿಮ್ಮ ಗೆಲುವಿನ ಸಾಧ್ಯತೆ. ಒಂದು ಪ್ಯಾಕೆಟ್ ಹಿಡಿಯುವಷ್ಟು ಸಮಯದಲ್ಲಿ ಸರಾಸರಿ G ಪ್ರಯತ್ನ ಆಗುತ್ತಿದ್ದು, ಅದರಲ್ಲಿ ಗೆಲ್ಲುವುದು S ಅಂದುಕೊಂಡರೆ:

```
pure:    S = G · e^(-2G)
slotted: S = G · e^(-G)
```

ನಿಮ್ಮಲ್ಲಿ G 0.1. ಭಾಗಿಸಿದರೆ ಉಳಿಯುವುದು e^0.1, ಅದೇ 1.105. ಚಾನೆಲ್ ಹೆಚ್ಚೂಕಡಿಮೆ ಖಾಲಿ ಇರುವಾಗ ಕಿಟಕಿ ದೊಡ್ಡದಿದ್ದರೇನು, ಚಿಕ್ಕದಿದ್ದರೇನು? ಸ್ಲಾಟ್‌ನಿಂದ ಸುಮ್ನೆ ಸರಾಸರಿ 50 ಮಿಲಿಸೆಕೆಂಡ್ ಕಾಯುವುದು ಬೇರೆ.

ಕಿರಣ್: ಹಾಗಾದರೆ ಸರಿಯಾಗಿ ಎರಡೇ ಪಟ್ಟು ಎಲ್ಲಿಂದ ಬಂತು ಮೇಡಂ? ಡಿಫರೆನ್ಷಿಯೇಟ್ ಮಾಡಿದರೆ ಉತ್ತರ ಬರುತ್ತೆ, ಆದರೆ ಯಾಕೆ ಅಂತ ಕಾಣಲ್ಲ.

ವಿನುತಾ: ಲೋಡನ್ನು 1% ಏರಿಸಿ ನೋಡಿ. ಪ್ರಯತ್ನಗಳು 1% ಜಾಸ್ತಿ ಆಗುತ್ತವೆ, ಅದು ಲಾಭ. ಕಿಟಕಿಯಲ್ಲಿ ಈಗ ಸರಾಸರಿ ಒಬ್ಬನೇ ಇದ್ದರೆ, ಗೆಲ್ಲುವ ಸಾಧ್ಯತೆಯೂ ಹತ್ತಿರ ಹತ್ತಿರ 1% ಕುಗ್ಗುತ್ತೆ. ಲಾಭ ನಷ್ಟ ಸಮ. ಸರಾಸರಿ ಒಬ್ಬನಿಗಿಂತ ಕಡಿಮೆ ಇದ್ದರೆ ಏರಿಸುವುದು ಲಾಭ, ಜಾಸ್ತಿ ಇದ್ದರೆ ನಷ್ಟ. ಅಂದರೆ ಎರಡೂ ವಿಧಾನದಲ್ಲಿ ತುದಿ ಬರುವುದು ಕಿಟಕಿಗೆ ಸರಾಸರಿ ಒಬ್ಬ ಇದ್ದಾಗ. 200ರ ಕಿಟಕಿಗೆ ಒಬ್ಬ ಅಂದರೆ ಸೆಕೆಂಡಿಗೆ 5 ಪ್ರಯತ್ನ. 100ರ ಕಿಟಕಿಗೆ ಒಬ್ಬ ಅಂದರೆ 10.

ಮಹೇಶ್ ಅವರೇ, ನಿಮ್ಮ ಮಾತು ಜಾರುವುದು ಇಲ್ಲೇ. ತುದಿಯಲ್ಲಿ ಗೆಲ್ಲುವ ಸಾಧ್ಯತೆ ಎರಡರಲ್ಲೂ 1/e, ಅಂದರೆ 36.8%. ನೂರರಲ್ಲಿ 63 ಪ್ಯಾಕೆಟ್ ಸಾಯುವುದು ಸ್ಲಾಟ್ ಇದ್ದರೂ ತಪ್ಪಲ್ಲ. ಪ್ಯೂರ್‌ನಲ್ಲಿ 5ರಲ್ಲಿ 1.84 ಗೆಲ್ಲುತ್ತೆ, ಸ್ಲಾಟೆಡ್‌ನಲ್ಲಿ 10ರಲ್ಲಿ 3.68. ನಷ್ಟದ ಪ್ರಮಾಣ ಅಷ್ಟೇ ಇಟ್ಟುಕೊಂಡು ಎರಡರಷ್ಟು ಜನ ನುಗ್ಗಬಹುದು, ಸ್ಲಾಟ್ ಕೊಡುವುದು ಅದನ್ನು.

ಮಹೇಶ್: ಒಪ್ಪಿದೆ. ಆದರೆ ಲೋಡ್ ಬದಲಿಸದಿದ್ದರೆ ಡಿಕ್ಕಿ ಕಡಿಮೆ ಆಗುತ್ತೆ ತಾನೇ?

ವಿನುತಾ: ಆಗುತ್ತೆ, ಅರ್ಧ ಅಂತ ಏನಿಲ್ಲ. ಸೆಕೆಂಡಿಗೆ 5ರಲ್ಲೇ ನಿಲ್ಲಿಸಿದರೆ 1.84 ಇದ್ದದ್ದು 3.03 ಆಗುತ್ತೆ. 1.65 ಪಟ್ಟು.

ಶಿವು: ನಮ್ಮದೂ ಸ್ಲಾಟೆಡ್ಡೇ ಮೇಡಂ. ಸೆನ್ಸರ್‌ಗಳಿಗೆಲ್ಲ ಗಡಿಯಾರ ಹೊಂದಿಸಿದ್ದೇವೆ, ಹತ್ತು ನಿಮಿಷಕ್ಕೊಮ್ಮೆ ಸರಿಯಾಗಿ ಕಳಿಸುತ್ತವೆ. ಆದರೂ ಮುಕ್ಕಾಲು ಪಾಲು ಕಾಣೆ. ಆಂಟೆನಾ ಬದಲಿಸಬೇಕಾ?

ವಿನುತಾ: ಆಂಟೆನಾ ಮುಟ್ಟಬೇಡಿ. ನೀವು ಎಲ್ಲರನ್ನೂ ಒಂದೇ ಸ್ಲಾಟಿಗೆ ತುರುಕಿದ್ದೀರಿ. ಗೆರೆ ಎಲ್ಲರಿಗೂ ಒಂದೇ ಇರಬೇಕು, ಆದರೆ ಯಾವ ಗೆರೆಯಲ್ಲಿ ಹೊರಡಬೇಕು ಅನ್ನುವುದು ಪ್ರತಿ ನೋಡ್‌ಗೂ ಪ್ರತಿ ಸಲವೂ ಯಾದೃಚ್ಛಿಕವಾಗಿ ಬರಬೇಕು. ಕಾಣೆಯಾದ ಪ್ಯಾಕೆಟ್‌ಗಳ ಲಾಗ್ ತೆಗೆದು ನೋಡಿ. ಹತ್ತಿರದ ಒಂದೆರಡು ನೋಡ್ ಮಾತ್ರ ಸದಾ ಗೆಲ್ಲುತ್ತಿದ್ದರೆ ಇದೇ ರೋಗ. ಜೋರಾದ ಸಿಗ್ನಲ್ ಡಿಕ್ಕಿಯಲ್ಲೂ ಕೆಲವೊಮ್ಮೆ ಬದುಕುತ್ತೆ.

ಗಡಿಯಾರದ ಕ್ರಿಸ್ಟಲ್ ಯಾವುದು, ಎಷ್ಟು ಹೊತ್ತಿಗೊಮ್ಮೆ ಹೊಂದಿಸುತ್ತೀರಿ?

ಶಿವು: 20 ಪಿಪಿಎಂ. ಗಂಟೆಗೊಮ್ಮೆ. ಪ್ಯಾಕೆಟ್ ನಮ್ಮದೂ ಸುಮಾರು 100 ಮಿಲಿಸೆಕೆಂಡೇ.

ವಿನುತಾ: ಹಾಗಿದ್ದರೆ ಸ್ಲಾಟ್ ಯೋಚನೆಯನ್ನೇ ಬಿಡಬಹುದು! 20 ಪಿಪಿಎಂ ಅಂದರೆ ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡ್ ತಪ್ಪು, ಹಾಗಾಗಿ ಗಂಟೆಯಲ್ಲಿ ಒಂದು ಗಡಿಯಾರ 72 ಮಿಲಿಸೆಕೆಂಡ್ ಹಿಂದೆ ಬೀಳಬಹುದು, ಇನ್ನೊಂದು 72 ಮುಂದೆ ಓಡಬಹುದು. ಪಕ್ಕದ ಸ್ಲಾಟಿನವರು ತಾಗದಿರಲು ಸ್ಲಾಟುಗಳ ನಡುವೆ 144 ಖಾಲಿ ಬಿಡಬೇಕು. 100ರ ಪ್ಯಾಕೆಟ್‌ಗೆ 244ರ ಸ್ಲಾಟ್. 3.68ನ್ನು 2.44ರಿಂದ ಭಾಗಿಸಿ, ಸೆಕೆಂಡಿಗೆ 1.51 ಸಿಗುತ್ತೆ. ಯಾವ ಗಡಿಯಾರದ ಗೋಜೂ ಇಲ್ಲದ ಪ್ಯೂರ್ 1.84 ಕೊಡುತ್ತಿತ್ತು, ಅಲ್ವಾ?

ಹತ್ತು ನಿಮಿಷಕ್ಕೊಮ್ಮೆ ಹೊಂದಿಸಿದರೆ ಖಾಲಿ ಜಾಗ 24ಕ್ಕೆ ಇಳಿಯುತ್ತೆ, 2.97 ಸಿಗುತ್ತೆ. ಆಗ ಸ್ಲಾಟ್‌ಗೆ ಅರ್ಥ ಇದೆ. ಖಾಲಿ ಜಾಗ ಪ್ಯಾಕೆಟ್‌ನಷ್ಟೇ ಉದ್ದ ಆದರೆ ಗಳಿಸಿದ್ದೆಲ್ಲ ಹೋಗಿ ಎರಡೂ ಸಮ. 1971ರಲ್ಲಿ ಹವಾಯಿಯಲ್ಲಿ ಏಬ್ರಮ್ಸನ್ ಅವರ ತಂಡ ಅಲೋಹಾನೆಟ್ ಶುರು ಮಾಡಿದಾಗ ಸ್ಲಾಟ್ ಇರಲಿಲ್ಲ. ಆ ಸಲಹೆಯನ್ನು ಲ್ಯಾರಿ ರಾಬರ್ಟ್ಸ್ ಕೊಟ್ಟದ್ದು 1972ರಲ್ಲಿ.

ಕಿರಣ್: ಈಗ ಎರಡನ್ನೂ ಸೆಕೆಂಡಿಗೆ 10ರಲ್ಲಿ ಓಡಿಸಿದೆ. ಸ್ಲಾಟೆಡ್ 3.7, ಪ್ಯೂರ್ 1.35. ಎರಡಲ್ಲ, 2.7 ಪಟ್ಟು!

ವಿನುತಾ: ಮತ್ತೆ ಒಂದೇ ಲೋಡ್‌ನಲ್ಲಿ ಹೋಲಿಸಿದಿರಿ. 10ಕ್ಕೆ ಬರುವಷ್ಟರಲ್ಲಿ ಪ್ಯೂರ್ ತನ್ನ ತುದಿ ದಾಟಿ ಇಳಿಯುತ್ತಿದೆ. ಅದನ್ನು 5ರಲ್ಲಿ ನಿಲ್ಲಿಸಿ, ಸ್ಲಾಟೆಡನ್ನು 10ರಲ್ಲಿ, ಆಮೇಲೆ ಹೋಲಿಸಿ.

ಕಿರಣ್: ಬಂತು, 2.0. ಖುಷಿಯಲ್ಲಿ ಸತ್ತ ಪ್ಯಾಕೆಟ್ ಮತ್ತೆ ಕಳಿಸುವ ಸಾಲು ಸೇರಿಸಿದೆ. ಮೊದಲು ಸರಿಯಾಗಿತ್ತು, ಸ್ವಲ್ಪ ಹೊತ್ತಿಗೆ ಥ್ರೂಪುಟ್ ಸೊನ್ನೆಗೆ ಬಿತ್ತು, ಮೇಲೇಳಲೇ ಇಲ್ಲ.

ವಿನುತಾ: ಅದು ನಿಜವಾದ ವರ್ತನೆಯೇ. ಸತ್ತವು ಮತ್ತೆ ಬಂದು ಲೋಡ್ ಏರಿಸುತ್ತವೆ, ಅದರಿಂದ ಇನ್ನಷ್ಟು ಸಾಯುತ್ತವೆ. ಮರುಪ್ರಯತ್ನವನ್ನು ಎಷ್ಟು ಸ್ಲಾಟುಗಳಲ್ಲಿ ಹರಡಿದ್ದೀರಿ?

ಕಿರಣ್: ಮುಂದಿನ 4ರಲ್ಲಿ ಯಾವುದಾದರೂ ಒಂದು.

ವಿನುತಾ: ತೀರಾ ಕಡಿಮೆ. ಪ್ರತಿ ಸೋಲಿಗೂ ಆ ಸಂಖ್ಯೆ ಇಮ್ಮಡಿ ಮಾಡಿ ನೋಡಿ, ಹೊಸ ಪ್ಯಾಕೆಟ್‌ಗಳನ್ನೂ ಸೆಕೆಂಡಿಗೆ 3ಕ್ಕೆ ಇಳಿಸಿ. ಅಷ್ಟಾದರೆ ಸಾಕೇ ಅನ್ನುವುದು ನೋಡ್‌ಗಳು ಎಷ್ಟಿವೆ ಅನ್ನುವುದರ ಮೇಲಿದೆ.

ಮಹೇಶ್: ಪ್ಯಾಕೆಟ್ ಉದ್ದ ಬೇರೆ ಬೇರೆ ಇದ್ದರೆ? ಚಿಕ್ಕದೂ ಇಡೀ ಸ್ಲಾಟ್ ತಿನ್ನುತ್ತೆ.

ವಿನುತಾ: ಹೌದು, ಆಗ ಎರಡು ಪಟ್ಟಿನ ಲೆಕ್ಕ ನಿಲ್ಲಲ್ಲ. ಪ್ಯಾಕೆಟ್ ಎಲ್ಲ ಒಂದೇ ಉದ್ದ ಅನ್ನುವ ಊಹೆ ಮೇಲಿನ ಪ್ರತಿ ಅಂಕಿಯಲ್ಲೂ ಇದೆ. ಚಿಕ್ಕವು ಎಷ್ಟು, ಉದ್ದದವು ಎಷ್ಟು ಅಂತ ಹೇಳಿದರೆ ಲೆಕ್ಕ ಹಾಕಬಹುದು.

ಶಿವು: ಮೇಡಂ, ಲಾಗ್ ತೆಗೆದೆ. ಗೇಟ್‌ವೇ ಪಕ್ಕದ ಮೂರೇ ನೋಡ್ ಗೆಲ್ಲುತ್ತಿವೆ.