‘ಅಳಿಸಿ’ ಎಂದರೆ ಸಾಕೇ? ಬಯಲಾದ ಕೀಲಿಗೆ ತಕ್ಕ ಕ್ರಿಯಾಪದ ಯಾವುದು

ಶಿರಸಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಡಿಕೆ ವ್ಯಾಪಾರದ ಲೆಕ್ಕಕ್ಕೆ ತಂತ್ರಾಂಶ ಬರೆಯುವ ಐದು ಜನರ ತಂಡ ನಮ್ಮದು. ಹೊಸಬರಿಗಾಗಿ ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆದಿಟ್ಟವಳು ನಾನು. “ಪುಲ್ ರಿಕ್ವೆಸ್ಟ್‌ನಲ್ಲಿ ಗುಪ್ತ ಕೀಲಿ ಕಂಡರೆ ಕೂಡಲೇ ಅಳಿಸಿ, ಹಿರಿಯರಿಗೆ ದೂರು ಕೊಡಿ” ಎಂದು ಅದರಲ್ಲಿತ್ತು. ಕಳೆದ ವಾರ ಆ ವಾಕ್ಯವೇ ದಾರಿ ತಪ್ಪಿಸಿತು.

ಹೊಸದಾಗಿ ಸೇರಿದ ಹುಡುಗನ ಮೊದಲ ಕಮಿಟ್‌ನಲ್ಲಿ ಇಂಥದೊಂದು ಸಾಲಿತ್ತು. ಅಮೆಜಾನ್ ಕ್ಲೌಡ್ ಸೇವೆಗೆ ಪ್ರವೇಶ ಕೊಡುವ ನಿಜವಾದ ಕೀಲಿಯ ಬದಲು ಅಮೆಜಾನ್ ಕೈಪಿಡಿಯ ಮಾದರಿಯನ್ನು ಇಲ್ಲಿ ಹಾಕಿದ್ದೇನೆ:

```
+AWS_ACCESS_KEY_ID=AKIAIOSFODNN7EXAMPLE
```

ಅದರ ಕೆಳಗಿನ ಸಾಲಿನಲ್ಲಿ ನಲವತ್ತು ಅಕ್ಷರಗಳ ಗುಪ್ತ ಭಾಗವೂ ಇತ್ತು. ತಪ್ಪು ಅವನಿಗೇ ತಿಳಿದು, ಎರಡನೆಯ ಕಮಿಟ್‌ನಲ್ಲಿ ಎರಡೂ ಸಾಲು ತೆಗೆದ. ಪುಲ್ ರಿಕ್ವೆಸ್ಟ್ ಪುಟ ತೋರಿಸುವುದು ಆರಂಭಕ್ಕೂ ಕೊನೆಗೂ ಇರುವ ಒಟ್ಟು ವ್ಯತ್ಯಾಸವನ್ನು. ನಡುವೆ ಬಂದು ಹೋದ ಸಾಲು ಅಲ್ಲಿ ಕಾಣುವುದಿಲ್ಲ. ಬಯಲಾದ ಕೀಲಿಗಳನ್ನು ಹುಡುಕುವ ನಮ್ಮ ಶೋಧಕವೂ ಆ ಒಟ್ಟು ವ್ಯತ್ಯಾಸವನ್ನಷ್ಟೇ ಓದುತ್ತಿತ್ತು, ನಾನೂ ಒಪ್ಪಿಗೆ ಕೊಟ್ಟುಬಿಟ್ಟೆ. ಸಹೋದ್ಯೋಗಿಯೊಬ್ಬರು ಕಮಿಟ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರಿಂದ ವಿಷಯ ಹೊರಬಿತ್ತು:

```
git log -p main..HEAD
```

ಕೇಳಿದರೆ ಹುಡುಗ, “ಅಳಿಸಿದ್ದೇನಲ್ಲ ಅಕ್ಕ, ನೀವು ಬರೆದ ಹಾಗೆಯೇ. ಇನ್ನು ದೂರು ಎಂದರೆ, ನನ್ನ ಮೇಲೆ ನಾನೇ ದೂರು ಕೊಡಬೇಕೇ?” ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ‘ಅಳಿಸು’ ಮತ್ತು ‘ದೂರು’, ಈ ಎರಡರ ಜಾಗದಲ್ಲಿ ಏನು ಬರೆಯಬೇಕು?

ಕುಮಟಾದಿಂದ, ನಿವೃತ್ತ ಶಿಕ್ಷಕರು

ತಂಗಿ, ಮೊದಲು ‘ಕೀಲಿ’ಯನ್ನೇ ತಿದ್ದಬೇಕು. ಧಾರವಾಡದ ಕಡೆ ಕೀಲಿ ಎಂದರೆ ಬೀಗ, ತೆರೆಯುವುದು ಕೀಲಿಕೈ. ‘ಕೀಲಿ ಬಯಲಾಯಿತು’ ಎಂದರೆ ಅಲ್ಲಿಯವರಿಗೆ ಬೀಗ ಕಂಡಿತು ಎಂದಾಗುತ್ತದೆ. ಅದರಲ್ಲಿ ಭಯವೇನಿದೆ?

ಹೊನ್ನಾವರದಿಂದ

‘ಅಳಿಸು’ ಸರಿಯಾಗಿಯೇ ಇದೆ, ಅಳಿಸಿದ್ದು ಅರ್ಧ ಅಷ್ಟೇ. ಆ ಕಮಿಟ್ ಇಲ್ಲದಂತೆ ಇತಿಹಾಸವನ್ನು ಹೊಸದಾಗಿ ಬರೆದು ಫೋರ್ಸ್ ಪುಶ್ ಮಾಡಿದರೆ ಮುಗಿಯಿತು. ‘ಬೇರುಸಹಿತ ಅಳಿಸಿ’ ಎನ್ನಿ.

ಕಾರವಾರದಿಂದ

ಹೊನ್ನಾವರದವರು ಹೇಳಿದ್ದು ಮಾಡಬೇಕಾದ ಕೆಲಸವೇ, ಆದರೆ ಕೊನೆಯಲ್ಲಿ. ಫೋರ್ಸ್ ಪುಶ್ ಮಾಡಿದರೂ ಗಿಟ್‌ಹಬ್‌ನಲ್ಲಿ ಹಳೆಯ ಕಮಿಟ್ ಅದರ ಹ್ಯಾಶ್ ಹಿಡಿದು ಹುಡುಕಿದರೆ ಸಿಗಬಹುದು. ಈಗಾಗಲೇ ಇಳಿಸಿಕೊಂಡವರ ಕಂಪ್ಯೂಟರಿನಲ್ಲಂತೂ ಇದ್ದೇ ಇರುತ್ತದೆ. ಅಳಿಯುವುದು ಬರಹ, ಕೀಲಿಯ ಅಧಿಕಾರ ಉಳಿದೇ ಇರುತ್ತದೆ.

ಅಮೆಜಾನ್‌ನಲ್ಲಿ ಕೀಲಿಗೆ ಎರಡು ಹಂತಗಳಿವೆ. ‘Inactive’ ಮಾಡಿದರೆ ಅದು ಕೆಲಸ ನಿಲ್ಲಿಸುತ್ತದೆ, ಬೇಕಾದರೆ ಮತ್ತೆ ಎಬ್ಬಿಸಬಹುದು. ಇದಕ್ಕೆ ‘ಅಮಾನತು’ ಹೇಳಿ ಮಾಡಿಸಿದ ಪದ, ನೌಕರನನ್ನು ಅಮಾನತಿನಲ್ಲಿಟ್ಟ ಹಾಗೆ. ತೆಗೆದೇ ಹಾಕಿದರೆ ಹಿಂದೆ ಬರುವುದಿಲ್ಲ. ಅದು ‘ರದ್ದು’. ಒಬ್ಬ ಬಳಕೆದಾರನಿಗೆ ಎರಡು ಕೀಲಿ ಇಟ್ಟುಕೊಳ್ಳಲು ಅವಕಾಶವಿದೆ. ಹಾಗಾಗಿ ಹೊಸದನ್ನು ಪಡೆದು, ಸರ್ವರಿನಲ್ಲಿ ಕೂರಿಸಿ, ಹಳೆಯದನ್ನು ಅಮಾನತು ಮಾಡಿ. ಒಂದೆರಡು ದಿನ ಎಲ್ಲಿಯೂ ಏನೂ ನಿಲ್ಲದಿದ್ದರೆ ರದ್ದು ಮಾಡಿ. ಸಾರ್ವಜನಿಕ ರೆಪೊಸಿಟರಿಯಾದರೆ ಈ ಸಾವಧಾನ ಬೇಡ. ಸೇವೆ ನಿಂತರೂ ಸರಿ, ಮೊದಲು ಅಮಾನತು.

ನಡುವೆ ಕ್ಲೌಡ್‌ಟ್ರೇಲ್ ದಾಖಲೆ ನೋಡಿ, ಗುರುತಿಲ್ಲದ ವಿಳಾಸದಿಂದ ಯಾರಾದರೂ ಆ ಕೀಲಿ ಬಳಸಿದ್ದಾರೆಯೇ ಎಂದು. ಒಂದು ಎಚ್ಚರ: ಎಸ್3ಯಲ್ಲಿಟ್ಟ ಕಡತವನ್ನು ಯಾರು ಓದಿದರು ಎಂಬುದು ಅದರಲ್ಲಿ ತಾನಾಗಿ ದಾಖಲಾಗುವುದಿಲ್ಲ, ಮೊದಲೇ ಹೇಳಿಟ್ಟಿರಬೇಕು. ದಾಖಲೆ ಖಾಲಿ ಇದೆ ಎಂದ ಮಾತ್ರಕ್ಕೆ ಯಾರೂ ಮುಟ್ಟಿಲ್ಲ ಎಂದು ಬರೆಯಬೇಡಿ.

‘ದೂರು’ ಬೇಡವೇ ಬೇಡ. ‘ಸುದ್ದಿ ಮುಟ್ಟಿಸಿ’ ಎನ್ನಿ. ತಿಳಿಸುವುದು ಬೇರೆ, ಮುಟ್ಟಿಸುವುದು ಬೇರೆ. ಇಮೇಲ್ ಹಾಕಿ ಮನೆಗೆ ಹೋದರೆ ತಿಳಿಸಿದಂತಾಯಿತು. ಕೀಲಿ ಬದಲಾಯಿಸಬಲ್ಲವರು “ನೋಡಿದೆ” ಎಂದ ಮೇಲೆಯೇ ಮುಟ್ಟಿದ ಹಾಗೆ. ಅವರು ಸಿಗದಿದ್ದರೆ ಅವರ ಮೇಲಿನವರಿಗೆ ಫೋನ್.

ಅಂಕೋಲಾದಿಂದ

ಚೆಕ್ ಪುಸ್ತಕ ಬಸ್ಸಿನಲ್ಲಿ ಕಳೆದಾಗ ನಾನು ಬ್ಯಾಂಕಿಗೆ ಬರೆದುಕೊಟ್ಟಿದ್ದು ‘ಪಾವತಿ ತಡೆ’ಗೆ. ಪುಸ್ತಕ ಆಮೇಲೆ ಸಿಕ್ಕಿತು, ಆದರೂ ಆ ಹಾಳೆಗಳನ್ನು ಬಳಸಲಿಲ್ಲ. ಅಮಾನತಿಗಿಂತ ‘ತಡೆ’ ಚಿಕ್ಕದು. ಇನ್ನು ‘ಸುದ್ದಿ ಮುಟ್ಟಿಸು’ ಎಂದರೆ ನಮ್ಮ ಮನೆಯಲ್ಲಿ ಸಾವಿನ ಸುದ್ದಿಯೇ. ಹೊಸ ಹುಡುಗ ಹೆದರಿಯಾನು.

ಶಿರಸಿಯಿಂದ, ಮತ್ತೆ

ಕಾರವಾರದವರು ಹೇಳಿದ ಕ್ರಮದಲ್ಲೇ ನಿನ್ನೆ ಹಳೆಯ ಕೀಲಿಯನ್ನು ಅಮಾನತು ಮಾಡಿದೆವು. ರಾತ್ರಿ ಬ್ಯಾಕಪ್ ನಿಂತಿತು. ಅಲ್ಲಿಯೂ ಅದೇ ಕೀಲಿ ಇದ್ದದ್ದು ನಮಗೆ ನೆನಪಿರಲಿಲ್ಲ. ನೇರ ರದ್ದು ಮಾಡಿದ್ದರೆ ಹಿಂದಿರುಗುವ ದಾರಿ ಇರುತ್ತಿರಲಿಲ್ಲ, ಆದ್ದರಿಂದ ಅಂಕೋಲಾದ ಮಾವನವರ ‘ತಡೆ’ಗಿಂತ ‘ಅಮಾನತು’ ನನಗೆ ಹಿಡಿಸಿದೆ. ಶೋಧಕವನ್ನು ಪ್ರತಿ ಕಮಿಟ್ ಓದುವಂತೆ ಬದಲಿಸಿದ್ದೇವೆ. ವಾಕ್ಯ ಈಗ ಹೀಗಿದೆ: “ಕೀಲಿ ಕಂಡರೆ ಅದನ್ನು ಅಮಾನತು ಮಾಡಬಲ್ಲವರಿಗೆ ಮುಟ್ಟಿಸಿ, ಅವರ ಉತ್ತರ ಬರುವವರೆಗೆ ಸಾಲನ್ನು ಅಳಿಸುವ ಗೋಜಿಗೆ ಹೋಗಬೇಡಿ.”

‘ಸುದ್ದಿ’ ಬಿಟ್ಟಿದ್ದೇನೆ. ‘ಮುಟ್ಟಿಸಿ’ ಒಂದೇ ನಿಂತರೆ ಅರ್ಥವಾಗುತ್ತದೆಯೇ? ಮೇಷ್ಟ್ರೇ, ‘ಕೀಲಿ’ಯ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.